ಆರ್‌ಓಸಿ ಫೈಲಿಂಗ್‌ಗೂ ಮುಂಚಿನ ಕೆಲಸ

ಸೆಪ್ಟೆಂಬರ್ ಕೊನೆಯ ವಾರ ಬಂತೆಂದರೆ ಆಡಿಟರುಗಳ ಕಚೇರಿಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. "ನಮ್ಮ ಕಂಪನಿಯ ಆರ್‌ಓಸಿ ಫೈಲಿಂಗ್ ಆಯ್ತಾ ಸಾರ್?" ಕೇಳುವವರ ಮನಸ್ಸಿನಲ್ಲಿ ವರ್ಷದ ಕೆಲಸವೆಂದರೆ ಎರಡು ಫಾರ್ಮ್, ಒಂದು ಡಿಜಿಟಲ್ ಸಹಿ, ಒಂದು ಚಲನ್. ಆದರೆ ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಆ ಫಾರ್ಮ್‌ಗಳು ತಾವಾಗಿ ಏನನ್ನೂ ಮಾಡುವುದಿಲ್ಲ. ಯಾರ ಹೆಸರಲ್ಲಿ ಎಷ್ಟು ಷೇರಿದೆ, ನಿರ್ದೇಶಕರ ಮಂಡಳಿ ಯಾವ ದಿನ ಸೇರಿತು, ಲೆಕ್ಕಪತ್ರಕ್ಕೆ ಯಾವ ದಿನ ಒಪ್ಪಿಗೆ ಸಿಕ್ಕಿತು ಎಂದು ಕಂಪನಿಯೊಳಗೆ ಆಗಲೇ ನಡೆದದ್ದನ್ನು ಅವು ವರದಿ ಮಾಡುತ್ತವೆ, ಅಷ್ಟೆ. ಒಳಗೆ ನಡೆದಿಲ್ಲದಿದ್ದರೆ, ನಡೆದದ್ದು ಪುಸ್ತಕಕ್ಕೆ ಏರಿಲ್ಲದಿದ್ದರೆ, ಫಾರ್ಮ್ ಎಷ್ಟು ಬೇಗ ಹೋದರೂ ಅದು ಸುಳ್ಳು ವರದಿಯೇ.

ಮೂರು ಜನರ ಒಂದು ಕಂಪನಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಗರದಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ. ಅಣ್ಣ, ತಮ್ಮ, ಅಕ್ಕನ ಗಂಡ ಭಾವ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದಾರೆ. ಬಂಡವಾಳ 1 ಲಕ್ಷ ರೂಪಾಯಿ, 10 ರೂಪಾಯಿ ಮುಖಬೆಲೆಯ 10,000 ಷೇರು. ಅಣ್ಣನಿಗೆ 4,000, ತಮ್ಮನಿಗೆ 4,000, ಭಾವನಿಗೆ 2,000. ಅಣ್ಣ ತಮ್ಮ ಇಬ್ಬರೇ ನಿರ್ದೇಶಕರು. ಅಣ್ಣ ಈಗ ಬೆಂಗಳೂರಿನಲ್ಲಿದ್ದು ಮಾರಾಟ ನೋಡಿಕೊಳ್ಳುತ್ತಾನೆ, ತಮ್ಮ ಊರಲ್ಲಿ ಘಟಕ ನಡೆಸುತ್ತಾನೆ. 2013ರ ಕಂಪನಿ ಕಾಯ್ದೆಯ ಲೆಕ್ಕದಲ್ಲಿ ಇದು 'ಸಣ್ಣ ಕಂಪನಿ'. 2022ರಲ್ಲಿ ಈ ವರ್ಗದ ಮಿತಿಯನ್ನು 4 ಕೋಟಿ ಬಂಡವಾಳ, 40 ಕೋಟಿ ವಹಿವಾಟಿಗೆ ಏರಿಸಲಾಯಿತು, ಆಮೇಲೆ ಇನ್ನೂ ಎತ್ತರಿಸಲಾಗಿದೆ. ಹಾಗಾಗಿ ನಮ್ಮ ಜಿಲ್ಲಾ ಕೇಂದ್ರ, ತಾಲ್ಲೂಕುಗಳಲ್ಲಿರುವ ಬಹುಪಾಲು ಪ್ರೈವೇಟ್ ಲಿಮಿಟೆಡ್‌ಗಳು ಈ ವರ್ಗಕ್ಕೇ ಸೇರುತ್ತವೆ. ಬೇರೆ ಕಂಪನಿಯ ಅಂಗಸಂಸ್ಥೆಯಾಗಿದ್ದರೆ ಮಾತ್ರ ಗಾತ್ರ ಎಷ್ಟೇ ಚಿಕ್ಕದಿದ್ದರೂ ಸಣ್ಣ ಕಂಪನಿ ಅನ್ನಿಸಿಕೊಳ್ಳದು.

ಎರಡು ವರ್ಷದ ಹಿಂದೆ ಭಾವ ತನ್ನ ಪಾಲು ಬೇಡವೆಂದ. ಷೇರಿಗೆ 50 ರೂಪಾಯಿಯಂತೆ 2,000 ಷೇರಿಗೆ 1 ಲಕ್ಷ ರೂಪಾಯಿ ಎಂದು ಮಾತಾಯಿತು. ಅಣ್ಣನ ಹೆಂಡತಿಯ ಖಾತೆಯಿಂದ ಭಾವನ ಖಾತೆಗೆ ಹಣ ಹೋಯಿತು. ಮನೆಯವರೆಲ್ಲ ಅಲ್ಲಿಗೆ ವ್ಯವಹಾರ ಮುಗಿಯಿತೆಂದುಕೊಂಡರು. ಮುಂದಿನ ಫೈಲಿಂಗ್ ಹೊತ್ತಿಗೆ ತಮ್ಮ ಫೋನಿನಲ್ಲೇ ಹೇಳಿದ, ಕಚೇರಿಯ ಹುಡುಗ ವಾರ್ಷಿಕ ರಿಟರ್ನ್‌ನಲ್ಲಿ ಭಾವನ ಹೆಸರು ತೆಗೆದು ಅತ್ತಿಗೆಯ ಹೆಸರು ಹಾಕಿದ. ಕಂಪನಿಯ ಸದಸ್ಯರ ರಿಜಿಸ್ಟರನ್ನು ಯಾರೂ ತೆರೆಯಲಿಲ್ಲ. ಕಂಪನಿ ನೋಂದಣಿಯಾದಾಗ ಕೊಟ್ಟ ಫೈಲಿನಲ್ಲಿ ಅದು ಹಾಗೇ ಇತ್ತು, ಅದರಲ್ಲಿ ಭಾವನ ಹೆಸರೂ ಹಾಗೇ ಇತ್ತು.

ಹೊಲ ಕೊಂಡು ದುಡ್ಡು ಕೊಟ್ಟವರು ಪಹಣಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಊರವರಿಗೆ ಹೇಳಿಕೊಡಬೇಕಿಲ್ಲ. ಸದಸ್ಯರ ರಿಜಿಸ್ಟರ್ ಕಂಪನಿಯ ಪಹಣಿ. ಎಂಜಿಟಿ-1 ಎಂಬ ನಮೂನೆಯಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಪುಟ: ಹೆಸರು, ತಂದೆಯ ಹೆಸರು, ವಿಳಾಸ, ಪ್ಯಾನ್, ಷೇರು ಪ್ರಮಾಣಪತ್ರದ ಸಂಖ್ಯೆ, ಷೇರಿನ ಕ್ರಮಸಂಖ್ಯೆ ಎಲ್ಲಿಂದ ಎಲ್ಲಿಗೆ, ಯಾವ ದಿನ ಬಂತು, ಯಾವ ದಿನ ಹೋಯಿತು, ಯಾರಿಗೆ ಹೋಯಿತು. ಅದನ್ನು ಶಾಶ್ವತವಾಗಿ ಕಾಪಾಡಬೇಕು. ಕಾಯ್ದೆಯ 95ನೇ ಕಲಮಿನ ಪ್ರಕಾರ ಈ ರಿಜಿಸ್ಟರ್ ಮೇಲ್ನೋಟದ ಸಾಕ್ಷ್ಯ. ಅದೇ ಕಲಮು ವಾರ್ಷಿಕ ರಿಟರ್ನ್‌ನ ಪ್ರತಿಗೂ ಅದೇ ಬೆಲೆ ಕೊಡುತ್ತದೆ. ನಮ್ಮ ಸಾಗರದ ಕಂಪನಿಯಲ್ಲಿ ಈಗ ಎರಡು ಸಾಕ್ಷ್ಯ, ಎರಡು ಹೆಸರು. ಹೊಸ ಯಂತ್ರಕ್ಕೆ ಸಾಲ ಕೇಳಿದಾಗ ಬ್ಯಾಂಕಿನವರು ಷೇರುದಾರರ ಪಟ್ಟಿಯ ಜೊತೆ ರಿಜಿಸ್ಟರಿನ ನಕಲನ್ನೂ ಕೇಳುತ್ತಾರೆ, ಅಲ್ಲಿ ವ್ಯತ್ಯಾಸ ಹೊರಬೀಳುತ್ತದೆ. ಅಷ್ಟರಲ್ಲಿ ಕಂಪನಿಯ ಬೆಲೆ ಏರಿದ್ದು ಭಾವನಿಗೂ ಗೊತ್ತಾಗಿರುತ್ತದೆ. "ಅದು ಷೇರಿನ ದುಡ್ಡಲ್ಲ, ನನಗೆ ಕೊಡಬೇಕಿದ್ದ ಹಳೇ ಬಾಕಿ" ಎಂದು ಅವನು ಹೇಳಿದರೆ, ರಿಜಿಸ್ಟರ್ ಅವನ ಪರವಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ದಾರಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ರಿಜಿಸ್ಟರ್ ತಿದ್ದಿಸಲು 59ನೇ ಕಲಮಿನಡಿ ಅಲ್ಲಿಗೇ ಅರ್ಜಿ ಹಾಕಬೇಕು.

ಇದನ್ನೆಲ್ಲ ತಪ್ಪಿಸಲು ಬೇಕಿದ್ದದ್ದು ಒಂದು ಹಾಳೆ, ಎಸ್‌ಎಚ್-4 ಎಂಬ ವರ್ಗಾವಣೆ ಪತ್ರ. ಭಾವ ಮಾರುವವನಾಗಿ, ಅತ್ತಿಗೆ ಕೊಳ್ಳುವವಳಾಗಿ ಸಹಿ ಹಾಕಬೇಕು. ಅದಕ್ಕೆ ಮುದ್ರಾಂಕ ಶುಲ್ಕ ವ್ಯವಹಾರದ ಮೊತ್ತದ ಶೇ 0.015. ಒಂದು ಲಕ್ಷಕ್ಕೆ ಅದು 15 ರೂಪಾಯಿ. ಸಹಿಯಾದ 60 ದಿನದೊಳಗೆ ಆ ಪತ್ರವನ್ನೂ ಹಳೆಯ ಷೇರು ಪ್ರಮಾಣಪತ್ರವನ್ನೂ ಕಂಪನಿಗೆ ಒಪ್ಪಿಸಬೇಕು. ಪ್ರೈವೇಟ್ ಕಂಪನಿಯ ನಿಯಮಾವಳಿಯಲ್ಲಿ ಷೇರು ಮಾರುವುದಕ್ಕೆ ಕಟ್ಟುಪಾಡು ಇದ್ದೇ ಇರುತ್ತದೆ, ಸಾಮಾನ್ಯವಾಗಿ ಮೊದಲು ಇತರ ಸದಸ್ಯರಿಗೆ ಕೇಳಬೇಕೆಂದು. ತಮ್ಮನಿಗೆ ಕೇಳಿ, ಅವನು ಬೇಡವೆಂದದ್ದನ್ನು ಬರೆಸಿಕೊಳ್ಳಬೇಕು. ಆಮೇಲೆ ಮಂಡಳಿ ಸೇರಿ ವರ್ಗಾವಣೆಗೆ ಒಪ್ಪಿಗೆ ಕೊಡಬೇಕು, ಒಪ್ಪಿಗೆಯಾದ 7 ದಿನದೊಳಗೆ ರಿಜಿಸ್ಟರಿನಲ್ಲಿ ಭಾವನ ಪುಟ ಮುಚ್ಚಿ ಅತ್ತಿಗೆಯ ಪುಟ ತೆರೆಯಬೇಕು, ಪತ್ರ ಕೈಸೇರಿದ ಒಂದು ತಿಂಗಳೊಳಗೆ ಪ್ರಮಾಣಪತ್ರ ಅವಳ ಕೈಗೆ ಹೋಗಬೇಕು. ವಾರ್ಷಿಕ ರಿಟರ್ನ್‌ನಲ್ಲಿ ಅವಳ ಹೆಸರು ಬರುವುದು ಇಷ್ಟೆಲ್ಲ ಆದಮೇಲೆ.

ಸದಸ್ಯರ ರಿಜಿಸ್ಟರಿನ ಜೊತೆ ಇನ್ನೂ ಕೆಲವು ಪುಸ್ತಕಗಳಿವೆ. ನಿರ್ದೇಶಕರದ್ದು ಮತ್ತು ಅವರ ಷೇರುಗಳದ್ದು ಒಂದು, ಆಸ್ತಿ ಅಡವಿಟ್ಟು ತೆಗೆದ ಸಾಲದ್ದು ಒಂದು, ಕಂಪನಿ ಬೇರೆಯವರಿಗೆ ಕೊಟ್ಟ ಸಾಲ, ಹೂಡಿಕೆಗಳದ್ದು ಒಂದು, ನಿರ್ದೇಶಕರಿಗೆ ಸ್ವಂತ ಹಿತಾಸಕ್ತಿಯಿರುವ ಒಪ್ಪಂದಗಳದ್ದು ಒಂದು. ಸಣ್ಣ ಕಂಪನಿಯಲ್ಲಿ ಇವುಗಳಲ್ಲಿ ವರ್ಷಕ್ಕೆ ಒಂದೆರಡು ಸಾಲು ತುಂಬಿದರೆ ಹೆಚ್ಚು. ಸದಸ್ಯರ ರಿಜಿಸ್ಟರ್ ಇಟ್ಟಿಲ್ಲದಿದ್ದರೆ ಕಂಪನಿಗೆ 3 ಲಕ್ಷ, ಹೊಣೆಯಿರುವ ಪ್ರತಿ ಅಧಿಕಾರಿಗೆ 50,000 ರೂಪಾಯಿ ದಂಡವನ್ನು ಕಾಯ್ದೆ ಬರೆದಿಟ್ಟಿದೆ. ಸಣ್ಣ ಕಂಪನಿಗಳಿಗೆ ದಂಡ ಅರ್ಧಕ್ಕಿಂತ ಹೆಚ್ಚಾಗಬಾರದೆಂಬ ರಿಯಾಯಿತಿ ಇದೆ. ಆದರೆ ದಂಡಕ್ಕಿಂತ ಮೊದಲು ಈ ಪುಸ್ತಕದ ಕೊರತೆ ಕಾಣಿಸುವುದು ಪಾಲುದಾರರ ನಡುವಿನ ಜಗಳದಲ್ಲಿ. ಅದಕ್ಕೇ ವರ್ಷದ ಕೆಲಸ ಇಲ್ಲಿಂದಲೇ ಶುರುವಾಗಬೇಕು ಎನ್ನುತ್ತೇನೆ. ಏಪ್ರಿಲ್‌ನಲ್ಲಿ ರಿಜಿಸ್ಟರ್ ತೆರೆದು, ಹಿಂದಿನ ವರ್ಷ ಸಲ್ಲಿಸಿದ ರಿಟರ್ನ್ ಪಕ್ಕದಲ್ಲಿಟ್ಟು, ಹೆಸರಿಗೆ ಹೆಸರು, ಸಂಖ್ಯೆಗೆ ಸಂಖ್ಯೆ ತಾಳೆ ನೋಡಿದರೆ ಸಾಕು. ಮೂರು ಜನರ ಕಂಪನಿಗೆ ಇದು ಅರ್ಧ ಗಂಟೆಯ ಕೆಲಸ.

ಇನ್ನು ಮಂಡಳಿ ಸಭೆ. ದೊಡ್ಡ ಕಂಪನಿಗಳು ವರ್ಷಕ್ಕೆ ನಾಲ್ಕು ಸಲ ಸೇರಬೇಕು. ಸಣ್ಣ ಕಂಪನಿಗೆ ಎರಡು ಸಾಕು: ಕ್ಯಾಲೆಂಡರ್ ವರ್ಷದ ಮೊದಲ ಅರ್ಧದಲ್ಲಿ ಒಂದು, ಎರಡನೇ ಅರ್ಧದಲ್ಲಿ ಒಂದು, ನಡುವೆ ಕನಿಷ್ಠ 90 ದಿನ. ತಪ್ಪು ಸುಲಭವಾಗಿ ನುಸುಳುವುದು ಇಲ್ಲಿಯೇ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಹಿಡಿದು ಲೆಕ್ಕ ಹಾಕುವವರು ಆಗಸ್ಟ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಇನ್ನೊಂದು ಸಭೆ ನಡೆಸಿ ಸುಮ್ಮನಾಗುತ್ತಾರೆ. ಎರಡೂ ಒಂದೇ ಅರ್ಧದಲ್ಲಿ ಬಿದ್ದಿರುತ್ತವೆ, ಜನವರಿಯಿಂದ ಜೂನ್‌ವರೆಗಿನ ಅರ್ಧ ಖಾಲಿ. ನಮ್ಮ ಕಂಪನಿ ಏಪ್ರಿಲ್ 20ಕ್ಕೆ ಒಂದು, ಆಗಸ್ಟ್ 30ಕ್ಕೆ ಒಂದು ಸಭೆ ಇಟ್ಟುಕೊಂಡರೆ ಎರಡೂ ಷರತ್ತು ಕೂಡಿಬರುತ್ತವೆ.

ಏಪ್ರಿಲ್ ಸಭೆಗೆ ಒಂದು ನಿಗದಿಯಾದ ಕೆಲಸವಿದೆ. ಹಣಕಾಸು ವರ್ಷದ ಮೊದಲ ಸಭೆಯಲ್ಲಿ ಪ್ರತಿ ನಿರ್ದೇಶಕ ತನಗೆ ಇನ್ಯಾವ ಕಂಪನಿ, ಪಾಲುದಾರಿಕೆ ಸಂಸ್ಥೆಗಳಲ್ಲಿ ಸಂಬಂಧವಿದೆಯೆಂದು ಎಂಬಿಪಿ-1 ನಮೂನೆಯಲ್ಲಿ ಬರೆದುಕೊಡಬೇಕು. ಇದು ಎಲ್ಲಿಗೂ ಫೈಲ್ ಆಗುವ ಕಾಗದವಲ್ಲ, ಕಂಪನಿಯಲ್ಲೇ ಉಳಿಯುತ್ತದೆ, ಹಾಗಾಗಿಯೇ ಮರೆತುಹೋಗುತ್ತದೆ. ಸಭೆಗೆ 7 ದಿನ ಮುಂಚೆ ನೋಟಿಸ್ ಹೋಗಬೇಕು. ಅಣ್ಣ ತಮ್ಮಂದಿರೇ ಆದರೂ ಇಮೇಲ್ ಒಂದು ಹೋದರೆ ಮುಂದೆ ತೋರಿಸಲು ದಾಖಲೆ ಇರುತ್ತದೆ. ಅಣ್ಣ ಬೆಂಗಳೂರಿನಿಂದ ವಿಡಿಯೊ ಮೂಲಕವೂ ಸೇರಬಹುದು. ಲೆಕ್ಕಪತ್ರ ಒಪ್ಪುವಂಥ ವಿಷಯಗಳನ್ನು ವಿಡಿಯೊ ಸಭೆಯಲ್ಲಿ ಎತ್ತಬಾರದೆಂಬ ನಿರ್ಬಂಧವನ್ನು 2021ರ ಜೂನ್‌ನಲ್ಲಿ ತೆಗೆದುಹಾಕಲಾಯಿತು.

ಇಬ್ಬರೇ ನಿರ್ದೇಶಕರಿರುವಲ್ಲಿ ಕೋರಂ ಕೂಡ ಇಬ್ಬರೇ. ಇಲ್ಲಿ ಒಂದು ಸೂಕ್ಷ್ಮವಿದೆ. ಘಟಕ ನಡೆಯುವ ಶೆಡ್ ಅಣ್ಣನದು, ಕಂಪನಿ ಅದಕ್ಕೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಬಾಡಿಗೆ ಕರಾರನ್ನು ಮಂಡಳಿ ಒಪ್ಪಬೇಕು, ಅದರಲ್ಲಿ ಅಣ್ಣನಿಗೆ ಸ್ವಂತ ಲಾಭವಿದೆ. ಕಾಯ್ದೆಯ ಮೂಲ ನಿಯಮದಂತೆ ಹಿತಾಸಕ್ತಿ ಇರುವವನು ಆ ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ. ಅಣ್ಣ ಎದ್ದುಹೋದರೆ ತಮ್ಮನೊಬ್ಬನೇ ಉಳಿಯುತ್ತಾನೆ, ಸಭೆಯೇ ಇಲ್ಲ. ಈ ತೊಡಕು ಅರಿತು ಕೇಂದ್ರ ಸರ್ಕಾರ ಪ್ರೈವೇಟ್ ಕಂಪನಿಗಳಿಗೆ 2015ರಲ್ಲಿ ವಿನಾಯಿತಿ ಕೊಟ್ಟಿತು: ಹಿತಾಸಕ್ತಿಯನ್ನು ಬಾಯಿಬಿಟ್ಟು ಹೇಳಿದ ಮೇಲೆ ಆ ನಿರ್ದೇಶಕ ಭಾಗವಹಿಸಬಹುದು. 2017ರ ಜೂನ್‌ನಲ್ಲಿ ಅವನನ್ನು ಕೋರಂಗೂ ಲೆಕ್ಕಕ್ಕೆ ಹಿಡಿಯಬಹುದೆಂದಿತು. ಅದೇ 2017ರ ಅಧಿಸೂಚನೆ ಒಂದು ಷರತ್ತನ್ನೂ ಸೇರಿಸಿತು. ಲೆಕ್ಕಪತ್ರವನ್ನೋ ವಾರ್ಷಿಕ ರಿಟರ್ನನ್ನೋ ಸಲ್ಲಿಸದೆ ಬಾಕಿ ಉಳಿಸಿಕೊಂಡ ಕಂಪನಿಗೆ ಈ ವಿನಾಯಿತಿಗಳು ಸಿಗುವುದಿಲ್ಲ. ಒಂದು ವರ್ಷ ಫೈಲಿಂಗ್ ತಪ್ಪಿಸಿದ ಕಂಪನಿ ತನಗೇ ಗೊತ್ತಿಲ್ಲದಂತೆ ತನ್ನ ಶೆಡ್ಡಿನ ಬಾಡಿಗೆ ಕರಾರನ್ನು ಕ್ರಮಬದ್ಧವಾಗಿ ಒಪ್ಪುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ತಡವಾದ ಫೈಲಿಂಗ್ ಎಂದರೆ ಬರೀ ಶುಲ್ಕದ ಪ್ರಶ್ನೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಸಭೆ ಮುಗಿದ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಬೇಕು. ಪುಟಗಳಿಗೆ ಒಂದರ ಹಿಂದೊಂದು ಕ್ರಮಸಂಖ್ಯೆ, ಪ್ರತಿ ಪುಟಕ್ಕೆ ಅಧ್ಯಕ್ಷತೆ ವಹಿಸಿದವರ ಕಿರುಸಹಿ, ಕೊನೆಯ ಪುಟಕ್ಕೆ ದಿನಾಂಕದೊಂದಿಗೆ ಪೂರ್ಣ ಸಹಿ. ಟೈಪ್ ಮಾಡಿದ ಹಾಳೆಯನ್ನು ಪುಸ್ತಕಕ್ಕೆ ಅಂಟಿಸುವಂತಿಲ್ಲ. ಬಿಡಿ ಹಾಳೆ ಬಳಸುವುದಾದರೆ ಅದನ್ನು ಕ್ರಮವಾಗಿ ಹೊಲಿಸಬೇಕು. ಇಷ್ಟು ಕಟ್ಟುನಿಟ್ಟು ಏಕೆಂದರೆ ಆಮೇಲೆ ಒಂದು ಪುಟ ತುರುಕುವುದಕ್ಕೆ ಜಾಗ ಇರಬಾರದು. ನಾಲ್ಕು ವರ್ಷದ ನಡಾವಳಿಯನ್ನು ಒಂದೇ ದಿನ ಕೂತು ಬರೆದದ್ದು ಓದಿದರೇ ಗೊತ್ತಾಗುತ್ತದೆ. ಒಂದೇ ಶಾಯಿ, ಒಂದೇ ಬಗೆಯ ವಾಕ್ಯ, ಇನ್ನೂ ಕಂಪನಿ ಸೇರಿರದವರ ಹಾಜರಿ, ಸಭೆಯ ದಿನ ಅಸ್ತಿತ್ವದಲ್ಲೇ ಇರದಿದ್ದ ಬ್ಯಾಂಕ್ ಖಾತೆಯ ಉಲ್ಲೇಖ. ನಡಾವಳಿ ಇಡದಿದ್ದರೆ ಕಂಪನಿಗೆ 25,000 ರೂಪಾಯಿ ದಂಡ. ನಡಾವಳಿಯನ್ನು ತಿರುಚಿದರೆ ಎರಡು ವರ್ಷದವರೆಗೆ ಜೈಲು. ನಡೆಯದ ಸಭೆಗೆ ನಡಾವಳಿ ಸೃಷ್ಟಿಸುವುದಕ್ಕಿಂತ ಸಭೆ ತಪ್ಪಿತೆಂದು ಒಪ್ಪಿಕೊಳ್ಳುವುದೇ ಕ್ಷೇಮ ಎಂಬುದು ಈ ಎರಡು ಶಿಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಏಪ್ರಿಲ್, ಆಗಸ್ಟ್ ಸಭೆಗಳ ನಡುವೆ ಜೂನ್ 30ಕ್ಕೆ ಒಂದು ಗಡುವು ಬರುತ್ತದೆ, ಡಿಪಿಟಿ-3. ಮಾರ್ಚ್ 31ಕ್ಕೆ ಕಂಪನಿಯ ಬಳಿ ಬಾಕಿಯಿದ್ದ ಠೇವಣಿಗಳ ಜೊತೆ, ಠೇವಣಿ ಎನ್ನಿಸಿಕೊಳ್ಳದ ಸಾಲಗಳ ವಿವರವನ್ನೂ ಇದರಲ್ಲಿ ಕೊಡಬೇಕು. ಅಣ್ಣ ಕೈಯಿಂದ ಹಾಕಿದ 6 ಲಕ್ಷ, ತಮ್ಮನ ಹೆಂಡತಿ ಕೊಟ್ಟ 2 ಲಕ್ಷ ಸಮಸ್ಯೆಯಲ್ಲ. ಪ್ರೈವೇಟ್ ಕಂಪನಿ ನಿರ್ದೇಶಕರಿಂದ, ಅವರ ಹತ್ತಿರದ ಸಂಬಂಧಿಗಳಿಂದ ಹಣ ಪಡೆಯಬಹುದು. ಆದರೆ ಆ ಹಣ ಬೇರೆಡೆ ಸಾಲ ತಂದು ಕೊಟ್ಟದ್ದಲ್ಲ ಎಂದು ಅವರು ಬರೆದುಕೊಟ್ಟ ಹೇಳಿಕೆ ಕಡತದಲ್ಲಿ ಇರಬೇಕು. ಪಕ್ಕದ ಅಂಗಡಿಯ ಗೆಳೆಯ ಕೊಟ್ಟ ಕೈಸಾಲ ಈ ವಿನಾಯಿತಿಗೆ ಸೇರುವುದಿಲ್ಲ, ಅದು ಸಾರ್ವಜನಿಕರಿಂದ ಪಡೆದ ಠೇವಣಿಯ ಸಾಲಿಗೆ ಬರುತ್ತದೆ. ಅಂಥ ಹಣ ಕಂಪನಿಗೆ ಬಾರದಂತೆ ನೋಡಿಕೊಳ್ಳುವುದೇ ಸರಿ.

ಆಗಸ್ಟ್ 30ರ ಸಭೆ ವರ್ಷದ ಕೀಲುಸಭೆ, ಲೆಕ್ಕಪತ್ರದ ಸಭೆ. ಇಲ್ಲಿ ಎಲ್ಲವೂ ಯಾವುದಾದ ಮೇಲೆ ಯಾವುದು ಎಂಬುದರ ಮೇಲೆ ನಿಂತಿದೆ. ಲೆಕ್ಕಪತ್ರ ಆಡಿಟರ್ ಮಾಡಿಕೊಡುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾಯ್ದೆ ಹೇಳುವುದು ಬೇರೆ. ಲೆಕ್ಕಪತ್ರ ಕಂಪನಿಯದು, ಅದಕ್ಕೆ ಮೊದಲು ಒಪ್ಪಿಗೆ ಕೊಡಬೇಕಾದದ್ದು ಮಂಡಳಿ. ಇಬ್ಬರು ನಿರ್ದೇಶಕರು ಆಸ್ತಿ-ಹೊಣೆ ಪಟ್ಟಿಗೂ ಲಾಭನಷ್ಟ ಪಟ್ಟಿಗೂ ಸಹಿ ಹಾಕುತ್ತಾರೆ. ಸಣ್ಣ ಕಂಪನಿಗೆ ನಗದು ಹರಿವಿನ ಪಟ್ಟಿ ಕಡ್ಡಾಯವಲ್ಲ. ಸಹಿಯಾದ ಪಟ್ಟಿ ಆಡಿಟರ್ ಕೈಗೆ ಹೋಗುತ್ತದೆ, ಆಮೇಲೆ ಆಡಿಟರ್ ತಮ್ಮ ವರದಿಗೆ ಸಹಿ ಹಾಕುತ್ತಾರೆ. ಅದೇ ದಿನ ಹಾಕಬಹುದು, ಆದರೆ ಮಂಡಳಿಯ ಒಪ್ಪಿಗೆಗಿಂತ ಮುಂಚೆ ಹಾಕುವಂತಿಲ್ಲ. ಆಡಿಟರ್ ವರದಿಯಲ್ಲಿ ಆಗಸ್ಟ್ 25, ಮಂಡಳಿ ನಡಾವಳಿಯಲ್ಲಿ ಆಗಸ್ಟ್ 30 ಎಂದಿದ್ದರೆ, ಇನ್ನೂ ಒಪ್ಪಿಗೆಯಾಗಿರದ ಲೆಕ್ಕವನ್ನು ಆಡಿಟರ್ ಪ್ರಮಾಣೀಕರಿಸಿದಂತಾಯಿತು. ಈ ದಿನಾಂಕಗಳನ್ನು ಆಮೇಲೆ ಹೊಂದಿಸಲು ಈಗ ಆಗುವುದಿಲ್ಲ. ಆಡಿಟರ್ ಸಹಿ ಹಾಕಿದ ಪ್ರತಿ ವರದಿಗೂ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಪೋರ್ಟಲ್‌ನಿಂದ ಯುಡಿಐಎನ್ ಎಂಬ 18 ಅಂಕಿಅಕ್ಷರಗಳ ಗುರುತುಸಂಖ್ಯೆ ಪಡೆಯಬೇಕು. ಸಹಿ ಹಾಕಿದ 60 ದಿನದ ಆಚೆ ಅದು ಹುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಕುಳಿತು ಆಗಸ್ಟ್ ದಿನಾಂಕದ ವರದಿ ತಯಾರಿಸುವ ಹಳೆಯ ಅಭ್ಯಾಸಕ್ಕೆ ಇದು ದೊಡ್ಡ ಅಡ್ಡಿ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಮೇಲೂ ಕಣ್ಣಿಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ದಿನಾಂಕ ಸಮೇತ ಉಳಿಯಬೇಕು, ಆ ಸೌಲಭ್ಯವನ್ನು ಆರಿಸಲು ಆಗಬಾರದು. ಅದು ವರ್ಷಪೂರ್ತಿ ಚಾಲೂ ಇತ್ತೇ ಎಂಬುದನ್ನು ಆಡಿಟರ್ ವರದಿಯಲ್ಲಿ ಬರೆಯುತ್ತಾರೆ. ಸಣ್ಣ ಕಂಪನಿ ಎಂಬ ರಿಯಾಯಿತಿ ಇದಕ್ಕಿಲ್ಲ. ತಿದ್ದುಪಡಿ ಜಾಡಿಲ್ಲದ ಹಳೆಯ ಆವೃತ್ತಿಯಲ್ಲೇ ಇಂದಿಗೂ ಲೆಕ್ಕ ಬರೆಯುತ್ತಿರುವವರು ಏಪ್ರಿಲ್‌ನಲ್ಲೇ ಬದಲಾಯಿಸಬೇಕು. ವರ್ಷದ ನಡುವೆ ಬದಲಿಸಿದರೆ ಅಷ್ಟು ತಿಂಗಳ ಕೊರತೆ ವರದಿಯಲ್ಲಿ ಹಾಗೇ ಉಳಿಯುತ್ತದೆ.

ಅದೇ ಆಗಸ್ಟ್ ಸಭೆಯಲ್ಲಿ ಮಂಡಳಿಯ ವರದಿಗೂ ಒಪ್ಪಿಗೆ ಕೊಟ್ಟು, ವಾರ್ಷಿಕ ಮಹಾಸಭೆಯ ದಿನ ಗೊತ್ತುಮಾಡಿ ನೋಟಿಸ್ ಹೊರಡಿಸಬೇಕು. ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ನಮ್ಮವರು ಸೆಪ್ಟೆಂಬರ್ 27 ಆರಿಸಿಕೊಂಡರು ಎನ್ನೋಣ. ನೋಟಿಸ್ ಕಳಿಸಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ನಡುವೆ 21 ಪೂರ್ಣ ದಿನ ಬೇಕು. ಆಗಸ್ಟ್ 30ಕ್ಕೆ ಕಳಿಸಿದರೆ ಧಾರಾಳವಾಗಿ ಸಿಗುತ್ತವೆ. ಸೆಪ್ಟೆಂಬರ್ 15ಕ್ಕೆ ಲೆಕ್ಕ ಮುಗಿಸುವ ಕಂಪನಿಗಳು ಇಲ್ಲಿ ಸಿಕ್ಕಿಬೀಳುತ್ತವೆ. ಅಂಥವರು ಕಡಿಮೆ ಅವಧಿಯ ನೋಟಿಸ್‌ಗೆ ಸದಸ್ಯರ ಒಪ್ಪಿಗೆ ಬರೆಸಿಕೊಳ್ಳುತ್ತಾರೆ, ಆದರೆ ಅದಕ್ಕೆ ಮತ ಹಾಕಬಲ್ಲ ಸದಸ್ಯರಲ್ಲಿ ಶೇ 95 ಜನ ಒಪ್ಪಬೇಕು. ಮೂರೇ ಸದಸ್ಯರಿರುವ ಕಂಪನಿಯಲ್ಲಿ ಹಾಗೆಂದರೆ ಮೂವರೂ ಎಂದೇ ಅರ್ಥ.

ಆ ಮೂರನೆಯವರು ಯಾರು? ರಿಜಿಸ್ಟರ್ ಪ್ರಕಾರ ಭಾವ. ನೋಟಿಸ್ ಹೋಗಬೇಕಾದದ್ದು ರಿಜಿಸ್ಟರಿನಲ್ಲಿರುವ ಹೆಸರು, ವಿಳಾಸಕ್ಕೆ. ಅಕಸ್ಮಾತ್ತಾಗಿ ಒಬ್ಬರಿಗೆ ತಪ್ಪಿದರೆ ಸಭೆ ಕೆಡುವುದಿಲ್ಲ, ಆದರೆ "ಅವನು ಈಗ ಸದಸ್ಯನಲ್ಲ" ಎಂದು ತೀರ್ಮಾನಿಸಿ ಕಳಿಸದೆ ಇದ್ದರೆ ಅದು ಅಕಸ್ಮಾತ್ತಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಅತ್ತಿಗೆ ಕಾನೂನಿನ ಕಣ್ಣಿಗೆ ಆ ಸಭೆಗೆ ಹೊರಗಿನವಳು. ಸ್ಥಳದ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಅಣ್ಣನ ಅನುಕೂಲಕ್ಕೆಂದು ಮಹಾಸಭೆಯನ್ನು ಬೆಂಗಳೂರಿನಲ್ಲಿ ಇಡುವಂತಿಲ್ಲ. ನೋಂದಾಯಿತ ಕಚೇರಿ ಸಾಗರದಲ್ಲಿದ್ದರೆ ಸಭೆ ಅಲ್ಲೇ ಆಗಬೇಕು, ಬೆಳಗ್ಗೆ 9ರಿಂದ ಸಂಜೆ 6ರೊಳಗೆ, ರಾಷ್ಟ್ರೀಯ ರಜಾದಿನ ಬಿಟ್ಟು. ಬೇರೆ ಊರಲ್ಲಿ ಮಾಡಬೇಕಾದರೆ ಎಲ್ಲ ಸದಸ್ಯರೂ ಮುಂಗಡ ಒಪ್ಪಿಗೆ ಕೊಡಬೇಕು, ಭಾವನೂ ಸೇರಿದಂತೆ. ಎರಡು ವರ್ಷದ ಹಿಂದೆ ತಪ್ಪಿದ ಒಂದು ನಮೂದು ಹೀಗೆ ಪ್ರತಿ ಹೆಜ್ಜೆಗೂ ಅಡ್ಡ ಬರುತ್ತದೆ.

ಮಹಾಸಭೆಯಲ್ಲಿ ಕನಿಷ್ಠ ಇಬ್ಬರು ಸದಸ್ಯರು ಇರಬೇಕು. ಲೆಕ್ಕಪತ್ರ ಅಂಗೀಕಾರ ಮುಖ್ಯ ಕೆಲಸ. ಆಡಿಟರ್ ನೇಮಕ ಐದು ವರ್ಷಕ್ಕೊಮ್ಮೆ. ಆ ವರ್ಷ ನೇಮಕವಾದರೆ 15 ದಿನದೊಳಗೆ ಎಡಿಟಿ-1 ಫಾರ್ಮ್ ಹೋಗಬೇಕು. ಉಳಿದ ಎರಡು ಫಾರ್ಮ್‌ಗಳು ಪ್ರತಿ ವರ್ಷದವು. ಲೆಕ್ಕಪತ್ರದ ಎಓಸಿ-4 ಮಹಾಸಭೆಯಾದ 30 ದಿನದೊಳಗೆ, ಅಂದರೆ ಅಕ್ಟೋಬರ್ 27. ವಾರ್ಷಿಕ ರಿಟರ್ನ್ 60 ದಿನದೊಳಗೆ, ಅಂದರೆ ನವೆಂಬರ್ 26. ಸಣ್ಣ ಕಂಪನಿಗಳಿಗೆ ಇದರ ಹಗುರ ರೂಪ ಎಂಜಿಟಿ-7ಎ. ಕಂಪನಿ ಸೆಕ್ರೆಟರಿ ಇಲ್ಲದಿದ್ದರೆ ನಿರ್ದೇಶಕರ ಸಹಿಯೇ ಸಾಕು. ಸಹಿಯ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಸೆಪ್ಟೆಂಬರ್‌ನಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಅಧಿಕೃತ ಬಂಡವಾಳ 1 ಲಕ್ಷ ಇರುವ ಕಂಪನಿಗೆ ಒಂದೊಂದು ಫಾರ್ಮ್‌ಗೂ 300 ರೂಪಾಯಿ ಶುಲ್ಕ, ಎರಡಕ್ಕೆ 600. ತಡವಾದರೆ ಫಾರ್ಮ್ ಒಂದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ. 2018ರ ಜುಲೈಯಿಂದ ಜಾರಿಗೆ ಬಂದ ಈ ದಿನಗೂಲಿ ಶುಲ್ಕಕ್ಕೆ ಮೇಲ್ಮಿತಿ ಇಲ್ಲ. ನಮ್ಮ ಕಂಪನಿ ಎರಡನ್ನೂ ಮಾರ್ಚ್ 31ಕ್ಕೆ ಸಲ್ಲಿಸಿತೆಂದರೆ ಎಓಸಿ-4ಕ್ಕೆ 155 ದಿನ, 15,500 ರೂಪಾಯಿ. ಎಂಜಿಟಿ-7ಎಗೆ 125 ದಿನ, 12,500 ರೂಪಾಯಿ. 600 ರೂಪಾಯಿಯ ಕೆಲಸಕ್ಕೆ ಮೇಲೆ 28,000. ಮಹಾಸಭೆಯನ್ನೇ ಮಾಡದಿದ್ದರೆ ಗಡುವೂ ಇಲ್ಲ ಎಂದುಕೊಳ್ಳುವವರಿದ್ದಾರೆ. ಸಭೆ ಆಗಬೇಕಿದ್ದ ಕೊನೆಯ ದಿನದಿಂದ ಎಣಿಕೆ ಶುರುವಾಗುತ್ತದೆಂದು ಕಾಯ್ದೆಯೇ ಹೇಳಿದೆ. ಶುಲ್ಕ ಕಟ್ಟಿದ ಮೇಲೂ ಬೇರೆ ದಂಡ ಹಾಕುವ ಅಧಿಕಾರ ರಿಜಿಸ್ಟ್ರಾರ್‌ಗೆ ಇದೆ. ಆದರೆ ಅವರು ನೋಟಿಸ್ ಕೊಡುವ ಮೊದಲು ಅಥವಾ ಕೊಟ್ಟ 30 ದಿನದೊಳಗೆ ಬಾಕಿ ಫಾರ್ಮ್ ಸಲ್ಲಿಸಿದರೆ ಈ ಎರಡು ಫಾರ್ಮ್‌ಗಳ ವಿಷಯದಲ್ಲಿ ದಂಡ ಬೀಳದು. ಬೆಂಗಳೂರಿನ ಕೋರಮಂಗಲದ ಕಚೇರಿಯಿಂದ ಪತ್ರ ಬಂದರೆ ಡ್ರಾಯರಿಗೆ ಹಾಕದೆ ಅಂದೇ ದಿನಾಂಕ ಗುರುತು ಹಾಕಿಕೊಳ್ಳಬೇಕಾದದ್ದು ಈ ಕಾರಣಕ್ಕೆ. ಸಚಿವಾಲಯ ಕೆಲವೊಮ್ಮೆ ಗಡುವು ಸಡಿಲಿಸುವುದೂ ಉಂಟು. 2025ರಲ್ಲಿ ಹೊಸ ಫಾರ್ಮ್‌ಗಳು ಬಂದಾಗ ಹಾಗೆ ಮಾಡಿತು. ಅದು ಫಾರ್ಮ್ ಸಲ್ಲಿಸುವ ಹೆಚ್ಚುವರಿ ಶುಲ್ಕಕ್ಕೆ ಸಿಕ್ಕ ಸಡಿಲಿಕೆ, ಮಹಾಸಭೆಯ ದಿನಾಂಕಕ್ಕಲ್ಲ.

ಸತತ ಮೂರು ಹಣಕಾಸು ವರ್ಷ ಲೆಕ್ಕಪತ್ರವನ್ನೋ ರಿಟರ್ನನ್ನೋ ಸಲ್ಲಿಸದಿದ್ದರೆ ವಿಷಯ ಹಣ ದಾಟಿ ಮನುಷ್ಯರಿಗೆ ಬರುತ್ತದೆ. 164ನೇ ಕಲಮಿನಡಿ ಆ ಕಂಪನಿಯ ನಿರ್ದೇಶಕರು ಐದು ವರ್ಷ ಯಾವ ಕಂಪನಿಯಲ್ಲೂ ಹೊಸದಾಗಿ ನಿರ್ದೇಶಕರಾಗುವಂತಿಲ್ಲ, ಬೇರೆ ಕಂಪನಿಗಳಲ್ಲಿ ಈಗಿರುವ ಸ್ಥಾನವೂ ಹೋಗುತ್ತದೆ. 2017ರಲ್ಲಿ ಹೀಗೆ ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಲಾಯಿತು. ಅನೇಕರು ಹೈಕೋರ್ಟುಗಳ ಮೆಟ್ಟಿಲೇರಿದರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2019ರ ಜೂನ್‌ನಲ್ಲಿ ಕೊಟ್ಟ ತೀರ್ಪು ಈ ಕಲಮುಗಳ ಸಿಂಧುತ್ವವನ್ನು ಎತ್ತಿಹಿಡಿಯಿತು. ಜೊತೆಗೆ, ಪ್ರೈವೇಟ್ ಕಂಪನಿಗಳ ವಿಷಯದಲ್ಲಿ 2014ರ ಏಪ್ರಿಲ್ 1ಕ್ಕಿಂತ ಹಿಂದಿನ ವರ್ಷಗಳನ್ನು ಸೇರಿಸಿ ಮೂರು ವರ್ಷ ಎಣಿಸಿದ್ದು ಸರಿಯಲ್ಲವೆಂದು ಅಂಥ ಅನರ್ಹತೆಗಳನ್ನು ರದ್ದು ಮಾಡಿತು. ಅಂದು ಹಾಗೆ ಪಾರಾಗಲು ದಾರಿಯಿತ್ತು, ಇಂದು ಆ ದಾರಿ ಯಾರಿಗೂ ಉಳಿದಿಲ್ಲ. ವ್ಯಾಪಾರ ನಿಂತ ಕಂಪನಿಯನ್ನು "ಏನೂ ನಡೀತಿಲ್ಲವಲ್ಲ" ಎಂದು ಸುಮ್ಮನೆ ಬಿಟ್ಟವರೇ ಈ ಗುಂಡಿಗೆ ಹೆಚ್ಚು ಬೀಳುವುದು. ವಹಿವಾಟು ಸೊನ್ನೆಯಿದ್ದರೂ ಸಭೆ, ಲೆಕ್ಕ, ಎರಡು ಫಾರ್ಮ್ ಇದ್ದದ್ದೇ. ಬೇಡವಾದ ಕಂಪನಿಗೆ ಎಸ್‌ಟಿಕೆ-2 ಅರ್ಜಿ ಹಾಕಿ, 10,000 ರೂಪಾಯಿ ಶುಲ್ಕ ಕಟ್ಟಿ ಹೆಸರು ತೆಗೆಸಿಕೊಳ್ಳುವುದು ಮೂರನೇ ವರ್ಷದ ಬಾಕಿಗಿಂತ ಎಷ್ಟೋ ಅಗ್ಗ.

ಸಾಗರದ ಕಂಪನಿಗೆ ಈಗ ಉಳಿದಿರುವ ದಾರಿ, ಭಾವ ಇನ್ನೂ ಮಾತಾಡುವ ಮನಸ್ಸಿನಲ್ಲಿದ್ದರೆ, ಕಷ್ಟದ್ದಲ್ಲ. ಮೊದಲು ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಇದುವರೆಗೆ ಸಲ್ಲಿಸಿದ ಎಲ್ಲ ಫಾರ್ಮ್‌ಗಳನ್ನು ಇಳಿಸಿಕೊಂಡು, ಯಾವ ವರ್ಷದ ರಿಟರ್ನ್‌ನಿಂದ ಅತ್ತಿಗೆಯ ಹೆಸರು ಬಂದಿದೆ ಎಂದು ಗುರುತು ಮಾಡಿಕೊಳ್ಳಬೇಕು. ಹಳೆಯ ದಿನಾಂಕ ಹಾಕುವ ಯೋಚನೆಯನ್ನೇ ಬಿಟ್ಟು, ಇಂದಿನ ದಿನಾಂಕದಲ್ಲಿ ಹೊಸ ಎಸ್‌ಎಚ್-4ಕ್ಕೆ ಇಬ್ಬರ ಸಹಿ ಪಡೆಯಬೇಕು. ಅಂದು ಬ್ಯಾಂಕಿನಲ್ಲಿ ಹೋದ 1 ಲಕ್ಷದ ವಿವರವನ್ನು ಅದರ ಜೊತೆ ಲಗತ್ತಿಸಿ, 15 ರೂಪಾಯಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಮ್ಮನಿಂದ ಬೇಡವೆಂಬ ಪತ್ರ, ಮಂಡಳಿಯ ನಿರ್ಣಯ, ರಿಜಿಸ್ಟರಿನ ನಮೂದು, ಪ್ರಮಾಣಪತ್ರ ಒಂದರ ಹಿಂದೊಂದು ಆಗಬೇಕು. ತಪ್ಪು ಹೆಸರು ಹೋಗಿರುವ ಹಳೆಯ ರಿಟರ್ನ್‌ಗಳ ಬಗ್ಗೆ ಅದೇ ಸಭೆಯ ನಡಾವಳಿಯಲ್ಲಿ ಇದ್ದದ್ದನ್ನು ಇದ್ದಂತೆ ದಾಖಲಿಸಿ, ಅವನ್ನು ಸರಿಪಡಿಸುವ ಕ್ರಮವನ್ನು ಕಂಪನಿ ಸೆಕ್ರೆಟರಿಯೊಬ್ಬರ ಜೊತೆ ಕೂತು ತೀರ್ಮಾನಿಸಬೇಕು. ಮುಂದಿನ ಎಂಜಿಟಿ-7ಎಯಲ್ಲಿ ಈ ವರ್ಗಾವಣೆಯನ್ನು ಅದು ನಿಜವಾಗಿ ನೋಂದಣಿಯಾದ ದಿನಾಂಕದೊಂದಿಗೆ ತೋರಿಸಬೇಕು. ಅಲ್ಲಿಯವರೆಗೆ ಮಹಾಸಭೆಯ ನೋಟಿಸ್ ಭಾವನ ವಿಳಾಸಕ್ಕೇ ಹೋಗುತ್ತಿರಬೇಕು.